ಮಿಕ್ಸರ್ ವಾಪಸ್ ಹೋತು, ರೊಕ್ಕ ಬರಲಿಲ್ಲ: ದಾಖಲೆ ಹೆಂಗ ಇಡೂದು?

ಹಾವೇರಿಯಿಂದ ಪ್ರಶ್ನೆ: "₹4,299ರ ಮಿಕ್ಸರ್ ವಾಪಸ್ ಕೊಟ್ಟೇನ್ರಿ. ಪಿಕಪ್‌ನವ ಒಯ್ದ. ಈಗ ಮಾಲು ಮುಟ್ಟಿಲ್ಲ ಅಂತಾರ. ಸ್ಕ್ರೀನ್‌ಶಾಟ್, ಮೇಲ್ ಎಲ್ಲಾ ಚೆಲ್ಲಾಪಿಲ್ಲಿ ಆಗ್ಯಾವು. ಹೆಂಗ ಹೊಂದಿಸಿ ಇಡ್ಲಿ?"

ಧಾರವಾಡ: ಆರ್ಡರ್ ಪುಟದ ಚಿತ್ರ ಇವತ್ತ ತಕ್ಕೋರಿ, ಸ್ಥಿತಿ ಬದಲಾದ್ರ ಹಳೇದು ಸಿಗಂಗಿಲ್ಲ. ಆರ್ಡರ್ ನಂಬರು, "ಪಿಕಪ್ ಆಗಿದೆ" ಅನ್ನೂ ಸಾಲು, ಮ್ಯಾಲಿನ ಗಡಿಯಾರ ಒಂದ ಚಿತ್ರದಾಗ ಬರಬೇಕು. ಅಂಚು ಕತ್ತರಿಸಬ್ಯಾಡ್ರಿ. ಫೈಲಿಗೆ ಹಿಂಗ ಹೆಸರು ಕೊಡ್ರಿ:

```
2025-03-14_1105_pickup.png
2025-03-17_1640_call.txt
```

ವರ್ಷ ಮೊದಲಿದ್ರ ಫೋಲ್ಡರ್ ತಾನ ತಾರೀಖಿನ ಸಾಲಿಗೆ ನಿಲ್ಲತೈತಿ.

ಫೋನಿನಾಗ ಕೊಟ್ಟ ದೂರಿನ ನಂಬರು ಬರೇ ಬರ್ಕೊಂಡ್ರ ಸಾಲಂಗಿಲ್ಲ. ಫೋನ್ ಇಟ್ಟ ಹತ್ತು ನಿಮಿಷದಾಗ ಅವರಿಗೇ ಮೇಲ್ ಹಾಕ್ರಿ: "ಇಂದು 4:40ಕ್ಕೆ ನಿಮ್ಮ ಪ್ರತಿನಿಧಿ ಜೊತೆ ಮಾತಾಡಿದೆ, ದೂರಿನ ಸಂಖ್ಯೆ ಇದು, 7 ದಿನದಲ್ಲಿ ಹಣ ಮರಳುತ್ತದೆ ಎಂದರು. ತಪ್ಪಿದ್ದರೆ ತಿಳಿಸಿ." ಅವರು ಸುಮ್ಮನಿದ್ರ ಒಪ್ಪಿದಂಗ ಅಲ್ಲ, ಆದ್ರ ನೀವು ಅದ ದಿನ ಹಿಂಗ ಹೇಳಿದ್ರಿ ಅನ್ನೂದಕ್ಕ ತಾರೀಖು ಬೀಳತೈತಿ.

ಗದಗ: ಸ್ಕ್ರೀನ್‌ಶಾಟ್ ನಡಿಯಂಗಿಲ್ರಿ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕೇಳ್ತಾರ. ನಾ ಫ್ರಿಜ್ಜಿನ ಕೇಸಿಗೆ 46 ಪುಟ, ಎರಡೆರಡು ಪ್ರತಿ ಹೊಡಿಸಿದೆ. ಪುಟಕ್ಕ ₹2ರಂಗ ₹184 ಹೋತು. ಕಾಗದ ಇದ್ರನ ಕೆಲಸ.

ಧಾರವಾಡ: ಪ್ರಿಂಟಿಗೂ ಪ್ರಮಾಣಪತ್ರ ಬೇಕಾಗತೈತ್ರಿ. ಅದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63, ನೀವು ಹಳೇ ನಂಬರ್ ಹಿಡ್ದೀರಿ. ಅದರಾಗ ಫೈಲಿನ ಹ್ಯಾಶ್, ಅಂದ್ರ ಫೈಲಿನಿಂದ ಲೆಕ್ಕ ಹಾಕಿ ತಗದ ಗುರುತಿನ ಸಂಖ್ಯೆ, ತುಂಬಬೇಕು. ಅದೇ ಚಿತ್ರಾನ ವಾಟ್ಸಾಪ್‌ನಾಗ ಕಳಿಸಿದ್ರ ಅದು ಕುಗ್ಗಿ ಬ್ಯಾರೆ ಫೈಲ್ ಆಗತೈತಿ, ಹ್ಯಾಶ್ ಕೂಡಂಗಿಲ್ಲ. ಮೂಲ ಫೈಲ್ ಮುಟ್ಟದ ಇಡ್ರಿ.

ಗದಗ: ನನ್ನ ಕೇಸು ಕಾಗದದ ಮ್ಯಾಲ ನಡೀತು. ಓದಿದ್ದನ್ನ ಇಲ್ಲಿ ಹೇರಬ್ಯಾಡ್ರಿ.

ಹುಬ್ಬಳ್ಳಿ: ಅಕ್ಕಾರ, ಬ್ಯಾಂಕಿಗೆ ಹೋಗ್ರಿ. ಕಾರ್ಡಿನ ರೊಕ್ಕ ಇದ್ರ ಎಆರ್‌ಎನ್, ಯುಪಿಐ ಇದ್ರ 12 ಅಂಕಿ ಆರ್‌ಆರ್‌ಎನ್ ಅನ್ನೂ ರೊಕ್ಕ ಪತ್ತೆ ಹಚ್ಚೂ ನಂಬರ್ ಕೇಳಿ ತಕ್ಕೋರಿ. ನಂದು ಅದರಿಂದನ ಪತ್ತೆ ಆತು.

ಧಾರವಾಡ: ರೊಕ್ಕ ಹಾಕೇವಿ ಅಂದಾಗ ಆ ನಂಬರ್ರಿ. ಇವರಿಗೆ ಮಾಲ ಮುಟ್ಟಿಲ್ಲ ಅಂತಾರ. ಪ್ರಶ್ನೆ ಓದ್ರಿ.

ಹುಬ್ಬಳ್ಳಿ: ಓದೇನಿ. ನಾಳೆ ಅವರೂ ಹಾಕೇವಿ ಅಂತಾರ, ಆವಾಗ ಬೇಕಾಗತೈತಿ.

ಹಾವೇರಿ: ಡಬ್ಬಿ ಮ್ಯಾಲಿನ ಚೀಟಿ ಫೋಟೋ ಐತಿ. ನಡಿತೈತೇನ್ರಿ?

ಧಾರವಾಡ: ಅದ ಮುಖ್ಯ! ಅದರ ಮ್ಯಾಲಿನ ಎಡಬ್ಲ್ಯೂಬಿ ನಂಬರ್ ಕೊರಿಯರ್‌ನ ಟ್ರ್ಯಾಕಿಂಗ್‌ನಾಗ ಹಾಕಿ ಆ ಪುಟದ ಚಿತ್ರ ತಕ್ಕೋರಿ. ಪಿಕಪ್ ಒಟಿಪಿಯ ಎಸ್‌ಎಂಎಸ್ ಅಳಿಸಬ್ಯಾಡ್ರಿ. ಕೆಲವು ಫೋನ್‌ನಾಗ ಒಟಿಪಿ 24 ತಾಸಿಗೆ ತಾನ ಅಳಿಯೂ ಸೆಟ್ಟಿಂಗ್ ಇರತೈತಿ, ಅದನ್ನ ಬಂದ್ ಮಾಡ್ರಿ. ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿದ್ರ ಅಲ್ಲಿಯ ನಂಬರೂ ಅದ ಫೋಲ್ಡರಿಗೆ ಸೇರಿಸ್ರಿ. ಗ್ರಾಹಕ ಆಯೋಗಕ್ಕ ಹೋಗಾಕ ಎರಡು ವರ್ಷ ಅವಧಿ ಐತಿ.

ಗದಗ: ಕರೆ ರೆಕಾರ್ಡ್ ಮಾಡಿದ್ರ ಇಷ್ಟೆಲ್ಲಾ ಬೇಕಿಲ್ಲ.

ಹುಬ್ಬಳ್ಳಿ: ಕೇಳದ ರೆಕಾರ್ಡ್ ಮಾಡೂದು ಸರಿ ಏನ್ರಿ? ನಾ ಅಂತೂ ಮಾಡಂಗಿಲ್ಲ.