ಸಹಾಯ ಬೇಕು: ಪ್ರಿಂಟಿಂಗ್ ಪ್ರೆಸ್ ಮಾರಾಟಕ್ಕೆ ಬೆಲೆ ಕಟ್ಟುವುದು ಹೇಗೆ?

ನಮಸ್ಕಾರ. ಲಾಭದಲ್ಲಿರುವ ನನ್ನ ಸಣ್ಣ ಆಫ್‌ಸೆಟ್ ಪ್ರೆಸ್ ಮಾರಬೇಕೆಂದಿದ್ದೇನೆ. ಕೊಳ್ಳುವವರ ಜೊತೆ ಕೂರುವ ಮುಂಚೆ ನನ್ನ ಲೆಕ್ಕ ಸರಿಯಿದೆಯಾ ನೋಡಿ ಹೇಳಿ.

ಪುಸ್ತಕದಲ್ಲಿ ವರ್ಷದ ಲಾಭ 100 ಅಂದುಕೊಳ್ಳಿ. ನಾನು ಸಂಬಳ ತೆಗೆದುಕೊಳ್ಳುತ್ತಿಲ್ಲ. ನನ್ನ ಜಾಗಕ್ಕೆ ಮ್ಯಾನೇಜರ್ ಬಂದರೆ 40 ಹೋಗುತ್ತದೆ. ಒಂದೇ ಸಲ ಬಂದ ದೊಡ್ಡ ರಿಪೇರಿ ಖರ್ಚು 5, ಅದನ್ನು ವಾಪಸ್ ಸೇರಿಸಿದೆ. ಹಳೆಯ ಮಷಿನ್ ಬದಲಿಸಲು ವರ್ಷಕ್ಕೆ 15 ಎತ್ತಿಡಬೇಕು. ಕೊನೆಗೆ ಉಳಿಯುವುದು 50.

ಈ 50ನ್ನು ಇಷ್ಟು ವರ್ಷ ಅಂತ ಗುಣಿಸಿ ಬೆಲೆ ಕಟ್ಟಿದರೆ, ಅದರ ಮೇಲೆ ಮಷಿನ್ ಬೆಲೆ ಬೇರೆ ಕೇಳುವ ಹಾಗಿಲ್ಲ ಅಲ್ವಾ? ಆ ಲಾಭ ಬರುವುದೇ ಮಷಿನ್‌ನಿಂದ. ಪೇಪರ್ ಸ್ಟಾಕ್, ಬರಬೇಕಾದ ಬಾಕಿ ಮಾತ್ರ ಬೇರೆ ಮಾತಾಡಬಹುದು ಅನ್ನಿಸುತ್ತದೆ.

ನನ್ನ ದೊಡ್ಡ ಚಿಂತೆ ಬೇರೆ. ವ್ಯಾಪಾರದ 40% ಒಬ್ಬರೇ ಗಿರಾಕಿಯದು. ಲೇಬಲ್ ಕೆಲಸ, ಬರವಣಿಗೆಯಲ್ಲಿ ಒಪ್ಪಂದವಿಲ್ಲ, ಬಣ್ಣ ಓಕೆ ಮಾಡಲೂ ನನಗೇ ಫೋನ್. ಅವರು ಬಿಟ್ಟರೆ ಬಾಡಿಗೆ, ಸಂಬಳ ಹಾಗೇ ಇರುತ್ತವೆ, ಹಾಗಾಗಿ ಲಾಭ 40%ಗಿಂತ ಜಾಸ್ತಿ ಬೀಳುತ್ತದೆ. ಇದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಮೊದಲ ಮಾತಿನಲ್ಲೇ ಹೆಸರು ಬಿಟ್ಟು ಪ್ರಮಾಣ ಹೇಳಿ, ಗುಟ್ಟು ಕಾಪಾಡುವ ಪತ್ರಕ್ಕೆ ಸಹಿಯಾದ ಮೇಲೆ ಹೆಸರು ಹೇಳೋಣ ಅಂತಿದ್ದೇನೆ.

ಬೆಲೆಯ ಒಂದು ಭಾಗವನ್ನು, ಆ ಗಿರಾಕಿ ಒಂದು ವರ್ಷ ಉಳಿದರೆ ಮಾತ್ರ ಕೊಡಿ ಅಂತ ನಾನೇ ಹೇಳಲಾ, ಅಥವಾ ಕೊಳ್ಳುವವರೇ ಕೇಳುವವರೆಗೆ ಕಾಯಲಾ? ಪ್ರೆಸ್ ಮಾರಿದವರು, ಕೊಂಡವರು ದಯವಿಟ್ಟು ಹೇಳಿ.