ಪದಚರ್ಚೆ: ‘ನನಗೆ ಮಕ್ಕಳಿದ್ದಾರೆ’, ‘ನನ್ನ ಹತ್ರ ಮಕ್ಕಳಿದ್ದಾರೆ’

ಎಲ್ಲರಿಗೂ ನಮಸ್ಕಾರ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಅಲ್ಲಿ ಬಿಹಾರದಿಂದ ಬಂದ ಒಬ್ಬರು ಕ್ರೇಟ್ ಎತ್ತುತ್ತಾರೆ. ಕನ್ನಡ ಚೆನ್ನಾಗಿ ಕಲಿತಿದ್ದಾರೆ. ಮೊನ್ನೆ ಟೀ ಕುಡಿಯುವಾಗ, “ನನ್ನ ಹತ್ರ ಇಬ್ಬರು ಹೆಣ್ಣುಮಕ್ಕಳಿದ್ದಾರೆ” ಅಂದರು. “ಯಾವ ಸ್ಕೂಲಿಗೆ ಸೇರಿಸಿದ್ದೀರಾ?” ಅಂತ ಕೇಳಿದೆ. ಮಕ್ಕಳು ಇಲ್ಲಿಲ್ಲ, ಊರಲ್ಲಿದ್ದಾರಂತೆ! ‘ನನಗೆ’ ಅಂದಿದ್ದರೆ ನಾನು ಹಾಗೆ ಕೇಳುತ್ತಿರಲಿಲ್ಲ. ‘ನನ್ನ ಹತ್ರ ದುಡ್ಡಿದೆ’ ಸರಿ, ಮಕ್ಕಳಿಗೆ ಮಾತ್ರ ಯಾಕೆ ಸರಿಯಲ್ಲ?

ಗೌರಿಬಿದನೂರಿನಿಂದ:
ಸುಲಭ ಸರ್. ಜೀವ ಇರೋದಕ್ಕೆ ‘ನನಗೆ’, ಜೀವ ಇಲ್ಲದ್ದಕ್ಕೆ ‘ನನ್ನ ಹತ್ರ’.

ಚಿಂತಾಮಣಿಯಿಂದ:
ನಮ್ಮ ಮನೆಮಾತು ತೆಲುಗು. ಅದರಲ್ಲೂ ಅಪ್ಪನಿಗೆ ‘ಮಾ ನಾನ್ನ’, ಪುಸ್ತಕಕ್ಕೆ ‘ನಾ ಪುಸ್ತಕಂ’. ಕನ್ನಡದಲ್ಲೂ ನಾನು ‘ನಮ್ಮಪ್ಪ’ ಅಂತಲೇ ಅನ್ನೋದು. ನನ್ನ ಹೆಂಡತಿಗೆ ಅದು ವಿಚಿತ್ರ ಅನ್ನಿಸುತ್ತೆ, ಮನೇಲಿ ನೀವೊಬ್ಬರೇ ಮಗ ಅಲ್ವಾ ಅಂತಾಳೆ. ನೀವು ಕೇಳಿದ್ದು ಇದೇ ತಾನೆ?

ತುಮಕೂರಿನಿಂದ:
ಚಿಂತಾಮಣಿಯವರು ಹೇಳಿದ್ದು ಹತ್ತಿರದ ವಿಷಯ, ಆದರೆ ಪ್ರಶ್ನೆ ಅದಲ್ಲ. ಜೀವದ ನಿಯಮವೂ ನಿಲ್ಲೋದಿಲ್ಲ. ಹಸುವಿಗೆ ಜೀವ ಇದೆ, ಆದರೂ ‘ನನ್ನ ಹತ್ರ ಎರಡು ಹಸು ಇವೆ’ ಅಂತೀವಿ. ಮಟನ್ ಅಂಗಡಿಗೆ ಹೋಗಿ ನೋಡಿ. ಕುರಿ ಬದುಕಿದ್ದಾಗ ‘ಕುರಿಗೆ ನಾಲ್ಕು ಕಾಲು’. ಕಡಿದ ಮೇಲೆ ಅಂಗಡಿಯವರು, “ನನ್ನ ಹತ್ರ ನಾಲ್ಕು ಕಾಲಿವೆ, ಸೂಪಿಗೆ ಕೊಡ್ಲಾ?” ಅಂತಾರೆ. ಕಾಲು ಅದೇ, ಸಂಬಂಧ ಬೇರೆ. ಮೈಯಿಂದ, ಬಳಗದಿಂದ ಬಿಡಿಸಲಾಗದ್ದು ‘ನನಗೆ’. ಕೈ ಬದಲಾಯಿಸುವಂಥದ್ದು ‘ನನ್ನ ಹತ್ರ’. ನಮ್ಮಜ್ಜಿಗೆ ಹಲ್ಲಿಲ್ಲ, ಆದರೆ ಅವರ ಹತ್ರ ಹಲ್ಲು ಸೆಟ್ಟಿದೆ.

ನಿಮ್ಮ ಮಂಡಿಯವರ ತಪ್ಪು ಹಿಂದಿಯಿಂದ ಬಂದಿರಲಾರದು. ಹಿಂದಿಯಲ್ಲೂ ಹೆಣ್ಣುಮಕ್ಕಳಿಗೆ ‘ಮೇರಿ ದೋ ಬೇಟಿಯಾ’, ದುಡ್ಡಿಗೆ ‘ಮೇರೆ ಪಾಸ್’. ಮಂಡಿಯಲ್ಲಿ ‘ನನ್ನ ಹತ್ರ ಚಿಲ್ಲರೆ ಇಲ್ಲ’ ಅಂತ ದಿನಾ ಕೇಳಿ ಅದನ್ನೇ ಎಲ್ಲದಕ್ಕೂ ಹಾಕಿರಬೇಕು.

ಒಂದು ಮಾತು ನೆನಪಿರಲಿ. ‘ನನ್ನ ಕೈ’, ‘ನನ್ನ ಸೈಕಲ್’ ಅನ್ನುವಾಗ ಕನ್ನಡ ಭೇದ ಮಾಡೋದಿಲ್ಲ. ‘ಇದೆ, ಇದ್ದಾರೆ’ ಬಂದಾಗ ಮಾತ್ರ ಅದು ಕಾಣುತ್ತೆ. ಫಿಜಿ ದ್ವೀಪಗಳ ಭಾಷೆ ‘ನನ್ನ’ ಅನ್ನುವಲ್ಲೇ ಭೇದ ಮಾಡುತ್ತೆ. ಅಪ್ಪ ಅನ್ನೋ ‘ತಮ’ಕ್ಕೆ ‘ನನ್ನ’ ಅನ್ನೋದು ನೇರವಾಗಿ ಅಂಟಿ ‘ತಮಂಗು’ ಆಗುತ್ತೆ. ಮನೆಗೆ ಹಾಗೆ ಅಂಟೋದಿಲ್ಲ, ಬೇರೆ ಪದವೇ ಮುಂದೆ ಬಂದು ‘ನೊಂಗು ವಲೆ’ ಆಗುತ್ತೆ.

ಕೋಲಾರದಿಂದ ಮತ್ತೆ:
ಹಲ್ಲು ಸೆಟ್ಟಿನ ಉದಾಹರಣೆಯಿಂದ ಪೂರ್ತಿ ಅರ್ಥವಾಯಿತು. ಆದರೆ ‘ನಮಗೆ ಎರಡು ಎಕರೆ ಜಮೀನಿದೆ’ ಅಂತೀವಲ್ಲ? ಜಮೀನನ್ನೂ ಮಾರಬಹುದು ತಾನೆ?

ತುಮಕೂರಿನಿಂದ:
ಹೌದು, ಅಲ್ಲಿ ನನ್ನ ನಿಯಮ ಸಡಿಲವಾಗುತ್ತೆ. ‘ಅವರಿಗೆ ಎರಡು ಮನೆ ಇವೆ’ ಅಂತಲೂ ಅಂತೀವಿ. ಬಹಳ ಕಾಲ ಉಳಿಯುವ ಆಸ್ತಿಗೆ ‘ನನಗೆ’ ಒಗ್ಗುತ್ತೆ ಅನ್ನಿಸುತ್ತೆ, ಆದರೆ ಗೆರೆ ಎಲ್ಲಿ ಎಳೆಯೋದು? ಮಾರೋಕೆ ನಿಂತ ಬ್ರೋಕರ್ ಮಾತ್ರ ಅದೇ ಜಮೀನಿಗೆ “ನನ್ನ ಹತ್ರ ಎರಡು ಎಕರೆ ಇದೆ” ಅಂತಾನೆ. ನಿಮ್ಮೂರ ಕಡೆ ಟ್ರ್ಯಾಕ್ಟರಿಗೆ, ಬೋರ್‌ವೆಲ್ಲಿಗೆ ಏನಂತಾರೆ, ಕೇಳಿ ಬರೀರಿ.