ಓದುಗರ ಸ್ಪಂದನ: ವ್ಯಾಯಾಮ ಕಲಿಸಿದರೆ ‘ಇನ್ನು ಬರೋದು ಬೇಡ’ ಅಂತಾರೆ!

ಕಳೆದ ಸಂಚಿಕೆಯಲ್ಲಿ ತುಮಕೂರಿನ ಯುವತಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಅವರು ಫಿಸಿಯೋಥೆರಪಿಯ ಪದವಿ ಬಿಪಿಟಿ ಓದಿದ್ದಾರೆ. ಎಂಟು ತಿಂಗಳಿಂದ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತಿದ್ದಾರೆ. ಸಿಕ್ಕವರಲ್ಲಿ ಹೆಚ್ಚಿನವರು ಮಂಡಿ ಆಪರೇಷನ್ ಆದ ಹಿರಿಯರು. ನಾಲ್ಕೈದು ಸಲ ಹೋಗುವಷ್ಟರಲ್ಲಿ ‘ನೀವು ಹೇಳಿಕೊಟ್ಟಿದ್ದು ಗೊತ್ತಾಯ್ತು, ನಾವೇ ಮಾಡ್ಕೋತೀವಿ’ ಎಂದು ಮನೆಯವರು ನಿಲ್ಲಿಸಿಬಿಡುತ್ತಾರಂತೆ. ‘ಎಲ್ಲ ಒಟ್ಟಿಗೆ ಕಲಿಸಬೇಡ. ನೋವಿಗೆ ಹಚ್ಚೋ ಕರೆಂಟ್ ಮೆಷಿನ್ ತಗೊಂಡು ಹೋಗು, ಆಗ ನೀನಿಲ್ಲದೆ ನಡೆಯಲ್ಲ’ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದ್ದಾರೆ. ಹಾಗೆ ಮಾಡಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಾಗಿದೆ. ಆದರೂ ಕತ್ತರಿಸಲು ಮನಸ್ಸು ಬರಲಿಲ್ಲ.

*

ಮಗಳೇ, ನಿನ್ನನ್ನು ‘ಬೇಡ’ ಅಂದವರ ಸಾಲಿನಲ್ಲಿ ನಾನೂ ಇದ್ದೇನೆ. ನಮ್ಮ ಮನೆಗೆ ಬರುತ್ತಿದ್ದದ್ದು ನೀನಲ್ಲ, ನಿನ್ನ ವಯಸ್ಸಿನ ಒಬ್ಬ ಹುಡುಗ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಬಲಮಂಡಿ ಬದಲಾಯಿಸಿದರು. ಮನೆಗೆ ಬಂದ ಮೇಲೆ ಆ ಹುಡುಗ ಐದು ದಿನ ಬಂದ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಮಂಡಿ ಮಡಿಸುವುದು, ತೊಡೆ ಬಿಗಿ ಹಿಡಿದು ಬಿಡುವುದು, ಪಾದ ಆಡಿಸುವುದು. ಇಷ್ಟೇ. ನೋಡಿದರೆ ಬಹಳ ಸುಲಭ ಅನ್ನಿಸಿತು. ನಾನು ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದವನು. ಇಷ್ಟಕ್ಕೆ ದಿನಾ ದುಡ್ಡು ಯಾಕೆ ಅಂತ ಆರನೆಯ ದಿನ ಬರಬೇಡ ಅಂದೆ.

ಮಡಿಸುವಾಗ ಇವಳು ಅಳುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ. ‘ಸಾಕು ಬಿಡು, ನಾಳೆ ಮಾಡೋಣ’ ಅನ್ನುತ್ತಿದ್ದೆ. ಆರಾಮಾಗಿರಲಿ ಅಂತ ಮಂಡಿ ಕೆಳಗೆ ದಿಂಬು ಇಟ್ಟೆ. ರಾತ್ರಿಯೆಲ್ಲ ಅದು ಅಲ್ಲೇ ಇರುತ್ತಿತ್ತು. ನೋವು ಕಡಿಮೆ ಆಯಿತು, ನಿದ್ದೆ ಬಂತು. ನನ್ನ ಸೇವೆಯಿಂದಲೇ ಗುಣವಾಗುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ.

ಎಂಟನೇ ವಾರ ತೋರಿಸಲು ಹೋದಾಗ ಡಾಕ್ಟರು ಅಳೆದರು. ಎಪ್ಪತ್ತು ಡಿಗ್ರಿಗಿಂತ ಮಂಡಿ ಮಡಿಯುತ್ತಿರಲಿಲ್ಲ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೂ ತೊಂಬತ್ತು ದಾಟಬೇಕಂತೆ. ದಿಂಬಿನ ಉಪಚಾರದಿಂದ ಕಾಲು ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ. ದಿಂಬು ಇಡಬೇಕಾದ್ದು ಹಿಮ್ಮಡಿ ಕೆಳಗಂತೆ, ಮಂಡಿಯ ಕೆಳಗಲ್ಲ. ಆಮೇಲೆ ಅರಿವಳಿಕೆ ಕೊಟ್ಟು ಮಂಡಿಯನ್ನು ಬಲವಂತವಾಗಿ ಮಡಿಸಿದರು. ಮರುದಿನದಿಂದ ಮತ್ತೆ ಅದೇ ವ್ಯಾಯಾಮ, ಮೊದಲಿಗಿಂತ ಜಾಸ್ತಿ ನೋವು. ಈಗ ತೊಂಬತ್ತೈದಿದೆ. ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಇಳಿಯುತ್ತಾಳೆ. ನನ್ನನ್ನು ಒಂದು ಮಾತೂ ಅಂದಿಲ್ಲ.

ಆ ಹುಡುಗ ಹೋಗುವಾಗ ‘ಸರ್, ಇನ್ನೂ ಮಡಿಯೋದು ಕಮ್ಮಿ ಇದೆ’ ಅಂದಿದ್ದ. ಎಷ್ಟು ಕಮ್ಮಿ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಂಖ್ಯೆ ಹೇಳಿದ್ದರೆ ಲೆಕ್ಕದ ಮೇಷ್ಟ್ರಿಗೆ ಅರ್ಥವಾಗುತ್ತಿತ್ತೋ ಏನೋ.
– ನಿವೃತ್ತ ಮೇಷ್ಟ್ರು, ತಿಪಟೂರು

*

ಗೊತ್ತಿರೋದನ್ನು ಬಚ್ಚಿಟ್ಟು ದುಡಿಯಬೇಕು ಅಂತಿದ್ದರೆ ಬಡ್ಡಿ ವ್ಯವಹಾರ ಮಾಡಿ. ರೋಗಿ ಮನೆಗೆ ಹೋಗಬೇಡಿ.
– ಓದುಗ, ಚಿಂತಾಮಣಿ

*

ಚಿಂತಾಮಣಿಯವರ ಮಾತು ಖಾರವಾಯಿತು. ಕೇಳಿದವರು ಹಾಗೆ ಮಾಡಿಲ್ಲ, ಮಾಡಲೇ ಎಂದಷ್ಟೇ ಕೇಳಿದ್ದಾರೆ. ಮುಂದಿನ ಪತ್ರ ಬರೆದವರು ಇದೇ ವೃತ್ತಿಯವರು.

*

ನಾನು ಕೋಲಾರದಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಶುರುವಿನಲ್ಲಿ ನನ್ನನ್ನೂ ಹೀಗೇ ನಿಲ್ಲಿಸುತ್ತಿದ್ದರು.

ಮನೆಯವರು ನೋಡುವುದು ನೋವನ್ನು, ನೀವು ನೋಡುವುದು ಮಂಡಿ ಎಷ್ಟು ಮಡಿಯುತ್ತೆ ಅನ್ನುವುದನ್ನು. ಎಡವಟ್ಟಾಗುವುದು ಇಲ್ಲೇ. ಆಪರೇಷನ್ ನೋವು ಹೇಗೂ ವಾರದಿಂದ ವಾರಕ್ಕೆ ಇಳಿಯುತ್ತದೆ. ಮಡಿಸದೆ ಬಿಟ್ಟರಂತೂ ಇನ್ನೂ ಬೇಗ ಇಳಿದ ಹಾಗೆ ಕಾಣುತ್ತದೆ. ನೋವು ಹೋಯ್ತು, ಇನ್ನೇನು ಬೇಕು ಅಂತ ಅವರು ನಿಲ್ಲಿಸುತ್ತಾರೆ. ಒಳಗೆ ಮಂಡಿ ಬಿಗಿಯಾಗುತ್ತಿರುವುದು ಅವರಿಗೆ ಕಾಣುವುದಿಲ್ಲ.

ಅದನ್ನು ಕಾಣುವ ಹಾಗೆ ಮಾಡಿ. ಮೊದಲ ದಿನವೇ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಅಳೆದು ಎರಡು ಸಂಖ್ಯೆ ಬರೆಯಿರಿ. ಎಷ್ಟು ಮಡಿಯುತ್ತೆ, ನೆಟ್ಟಗಾಗಲು ಎಷ್ಟು ಕಮ್ಮಿ ಇದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಹೋದ ವರ್ಷ ಮಾಲೂರು ಕಡೆಯ ಒಬ್ಬ ಅಜ್ಜಿಗೆ ಮೊದಲ ದಿನ 62 ಇತ್ತು, ನೆಟ್ಟಗಾಗಲು 12 ಕಮ್ಮಿ. ನಾಲ್ಕನೇ ಸಲಕ್ಕೆ 78 ಆಯಿತು. ಮಗ ‘ಚೆನ್ನಾಗಿದ್ದಾರೆ, ಸಾಕಲ್ವಾ’ ಅಂದ. ಕ್ಯಾಲೆಂಡರ್ ತೋರಿಸಿದೆ. ‘ಸುಮಾರು ಎರಡು ವಾರಕ್ಕೆ 90 ಹತ್ತಿರ ಬರಬೇಕು, ಆರು ವಾರಕ್ಕೆ 110 ಆಸುಪಾಸು. ನೀವೇ ಹೇಳಿ’ ಅಂದೆ. ಮುಂದೆ ಅಜ್ಜಿಯೇ ನನಗಿಂತ ಮೊದಲು ‘ಇವತ್ತು ಎಷ್ಟು?’ ಅಂತ ಕೇಳುತ್ತಿದ್ದರು.

ಕಲಿಸದೆ ಇರುವ ವಿಷಯ. ಮಂಡಿಯನ್ನು ದಿನಕ್ಕೆ ಮೂರು ನಾಲ್ಕು ಸಲ ಮಡಿಸಬೇಕು. ನೀವು ಹೋಗುವುದು ಒಂದು ಸಲ, ಅದೂ ದಿನ ಬಿಟ್ಟು ದಿನ. ವ್ಯಾಯಾಮ ಹೇಳಿಕೊಡದಿದ್ದರೆ ನೀವು ಹೋಗದ ದಿನ ಆ ಮಂಡಿ ಸುಮ್ನೆ ಇರುತ್ತದೆ. ಆರು ವಾರಕ್ಕೆ ಬಿಗಿಯಾಗುತ್ತದೆ, ಹೆಸರು ಕೆಡುವುದು ನಿಮ್ಮದೇ. ಅಷ್ಟಕ್ಕೂ ನೀವು ಮಾರುತ್ತಿರುವುದು ವ್ಯಾಯಾಮವಲ್ಲ. ಎಷ್ಟು ಒತ್ತಬೇಕು, ಯಾವಾಗ ಹೆಚ್ಚಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು. ಮೀನಖಂಡ ಊದಿಕೊಂಡು ಮುಟ್ಟಿದರೆ ನೋವು ಅಂದಾಗ ಮನೆಯವರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ನೀವು ಕೈ ಹಾಕದೆ ಕೂಡಲೇ ಡಾಕ್ಟರ ಹತ್ತಿರ ಕಳಿಸುತ್ತೀರಿ, ರಕ್ತ ಹೆಪ್ಪುಗಟ್ಟಿರಬಹುದು ಅಂತ.

ಕರೆಂಟ್ ಮೆಷಿನ್ ಬೇಡ ಅನ್ನಲ್ಲ. ಮಡಿಸುವಾಗ ಸ್ವಲ್ಪ ನೋವು ತಗ್ಗಿಸಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಮಾತ್ರ ಹಚ್ಚಬೇಡಿ. ಆದರೆ ಬರೀ ಮೆಷಿನ್ ಹಚ್ಚಿದರೆ ಮಂಡಿ ಮಡಿಯುವುದಿಲ್ಲ.

ಇನ್ನು ದುಡ್ಡು. ಕೊನೆ ಯಾವಾಗ ಅಂತ ಮೊದಲೇ ಹೇಳಿ. ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು, ಆಮೇಲೆ ಒಂದು. ಒಟ್ಟು ಹನ್ನೆರಡು ಸಲದ ಸುತ್ತಮುತ್ತ, ಮಂಡಿ ನೋಡಿಕೊಂಡು. ಕೊನೆ ಕಾಣದ ಖರ್ಚಿಗೆ ಜನ ಹೆದರುತ್ತಾರೆ. ಆರಾರು ಸಲದ ಹಣ ಒಟ್ಟಿಗೆ ತಗೊಳ್ಳಿ, ಹೋಗದೆ ಉಳಿದದ್ದನ್ನು ವಾಪಸ್ ಕೊಡಿ. ತುಮಕೂರಿನಲ್ಲಿ ಕ್ಯಾತ್ಸಂದ್ರ, ಬಟವಾಡಿ ಒಂದು ದಿನ, ಶಿರಾ ಗೇಟ್ ಕಡೆ ಇನ್ನೊಂದು ದಿನ ಅಂತ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಂಪಾದನೆಯೆಲ್ಲ ಪೆಟ್ರೋಲಿಗೆ ಹೋಗುತ್ತದೆ.
– ಫಿಸಿಯೋಥೆರಪಿಸ್ಟ್, ಕೋಲಾರ

*

ಈ ಪತ್ರವನ್ನು ನಾವು ಎರಡು ಸಲ ಓದಿದೆವು. ಮುಂದಿನದು ಮನೆಯ ಒಳಗಿನಿಂದ ಬಂದದ್ದು.

*

ನಿಲ್ಲಿಸುವುದು ಬರೀ ದುಡ್ಡಿಗಲ್ಲ ಅಕ್ಕ. ನಮ್ಮತ್ತೆಗೆ ವ್ಯಾಯಾಮ ಮಾಡಿಸಲು ಒಬ್ಬರು ಹನ್ನೊಂದು ಗಂಟೆಗೆ ಬರುತ್ತೇನೆ ಅನ್ನುತ್ತಿದ್ದರು. ಅಷ್ಟರೊಳಗೆ ಅತ್ತೆಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಮನೆ ಒಪ್ಪ ಮಾಡಿ, ಕಾಫಿಗೆ ಇಡಬೇಕು. ಅವರು ಬರುತ್ತಿದ್ದದ್ದು ಹನ್ನೆರಡೂವರೆಗೆ. ಒಲೆ ಮೇಲೆ ಸಾರು, ಮಗುವನ್ನು ಅಂಗನವಾಡಿಯಿಂದ ಕರೆತರುವ ಹೊತ್ತು. ಹತ್ತು ದಿನಕ್ಕೆ ನಾನೇ ನಮ್ಮನೆಯವರಿಗೆ ‘ಇನ್ನು ಬೇಡ ಅನ್ನಿ’ ಅಂದೆ. ಹೊರಗೆ ದುಡ್ಡಿನ ಕಾರಣ ಹೇಳಿದೆವು. ಕಾಫಿ ಬೇಡ ಅಂತ ಮೊದಲೇ ಹೇಳಿ, ಟೈಮಿಗೆ ಸರಿಯಾಗಿ ಹೋಗಿ.
– ಸೊಸೆ, ಗೌರಿಬಿದನೂರು

*

ನಾನು ಯೋಗ ಕಲಿಸುತ್ತೇನೆ. ಒಂಟಿ ಹೆಣ್ಣುಮಗಳು ಗೊತ್ತಿಲ್ಲದ ಮನೆಗೆ ಹೋಗುವ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂದುಕೊಂಡಿದ್ದೆ. ಗಂಡಸು ರೋಗಿಯಾದರೆ ಮನೆಯವರೊಬ್ಬರು ಕೋಣೆಯಲ್ಲೇ ಕೂರಬೇಕು ಅಂತ ಫೋನಿನಲ್ಲೇ ಹೇಳಿ. ಒಪ್ಪದಿದ್ದರೆ ಹೋಗಬೇಡಿ. ಹೇಗೂ ಪಕ್ಕದಲ್ಲಿ ಕೂತವರು ವ್ಯಾಯಾಮವನ್ನೂ ಕಲಿಯುತ್ತಾರೆ.
– ಯೋಗ ಶಿಕ್ಷಕಿ, ಚಿಕ್ಕಬಳ್ಳಾಪುರ

*

ನನಗೂ ಎಡಮಂಡಿ ನೋವು, ಎಪ್ಪತ್ತೊಂದು ವರ್ಷ. ಆಪರೇಷನ್ ಮಾಡಿಸಲ್ಲ. ಆ ಹುಡುಗಿ ಗುಬ್ಬಿಗೆ ಬರುತ್ತಾಳಾ? ಮೆಷಿನ್ ಇದ್ದರೆ ತರಲಿ.
– ಅಜ್ಜಿ, ಗುಬ್ಬಿ

*

ಗುಬ್ಬಿಯ ಪತ್ರವನ್ನು ವಿಳಾಸದ ಸಮೇತ ತುಮಕೂರಿಗೆ ಕಳಿಸಿದ್ದೇವೆ. ಮೆಷಿನ್ ವಿಷಯವನ್ನು ಅವರಿಬ್ಬರಿಗೇ ಬಿಟ್ಟಿದ್ದೇವೆ.
– ಸಂ.